ಮದುವೆಗೆ ಇನ್ನು ಐದು ತಿಂಗಳು: ಪಟ್ಟಿ ಇದೆ, ದುಡ್ಡೂ ಇದೆ, ತಾರೀಖುಗಳೇ ಹೊಂದುತ್ತಿಲ್ಲ

ಹೇಮಾವತಿ_ದಡ · ಸೆಪ್ಟೆಂಬರ್ 4

ತಂಗಿಯ ಮದುವೆ ಹಾಸನದಲ್ಲಿ. ಫೆಬ್ರವರಿ 11ರ ಸಂಜೆ ಆರತಕ್ಷತೆ, 12ರ ಬೆಳಿಗ್ಗೆ ಧಾರೆ. ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ, ಅಪ್ಪ ನಿವೃತ್ತ ಮೇಷ್ಟ್ರು, ತಮ್ಮ ಇನ್ನೂ ಓದುತ್ತಿದ್ದಾನೆ. ಹಾಗಾಗಿ ಲೆಕ್ಕಪತ್ರ ನನ್ನ ಪಾಲಿಗೆ ಬಂದಿದೆ. ಕಂಪ್ಯೂಟರಿನಲ್ಲಿ 64 ಸಾಲುಗಳ ಪಟ್ಟಿ ಮಾಡಿದ್ದೇನೆ. ಅರಿಶಿನ ಕುಂಕುಮದಿಂದ ಹಿಡಿದು ಬಸ್ಸಿನವರೆಗೆ ಎಲ್ಲವೂ ಅದರಲ್ಲಿದೆ.

ತೊಂದರೆ ಬೇರೆ. ಮೊನ್ನೆ ಆ ಪಟ್ಟಿಯನ್ನು ವಸ್ತುವಿನ ಬದಲು ಹಣ ಕೊಡಬೇಕಾದ ದಿನದ ಪ್ರಕಾರ ಜೋಡಿಸಿ ನೋಡಿದೆ. ಮುಂಗಡಗಳೆಲ್ಲ ಸಣ್ಣ ಸಣ್ಣವು, ಹೇಗೋ ಆಗುತ್ತವೆ. ಬಾಕಿಗಳು ಮಾತ್ರ ಒಂದೇ ಕಡೆ ಬಂದು ಬಿದ್ದಿವೆ.

ಛತ್ರದ ಬಾಕಿ 1,30,000, ಜನವರಿ 27ರೊಳಗೆ. ಅಡುಗೆಯವರಿಗೆ ಫೆಬ್ರವರಿ 1ಕ್ಕೆ 2,00,000, ಮಧ್ಯಾಹ್ನದ ಊಟ ಮುಗಿದ ಮೇಲೆ 1,75,000. ಮಂಟಪದ ಅಲಂಕಾರಕ್ಕೆ 10ನೆಯ ತಾರೀಖಿಗೆ 1,00,000. ಫೋಟೊದವರಿಗೆ ಮದುವೆಯ ದಿನ 60,000, ವಾಲಗಕ್ಕೆ 25,000, ಎರಡು ಬಸ್ಸಿಗೆ 36,000. ಒಟ್ಟು 7,26,000 ರೂಪಾಯಿ, ಹದಿನೇಳು ದಿನಗಳ ಒಳಗೆ.

ಅಪ್ಪನ ಉಳಿತಾಯ ಖಾತೆಯಲ್ಲಿ ಈ ಬಾಕಿಗಳಿಗೆಂದು ಉಳಿಯುವುದು 3 ಲಕ್ಷ. ಉಳಿದದ್ದು ಬ್ಯಾಂಕಿನ ನಿಶ್ಚಿತ ಠೇವಣಿಯಲ್ಲಿದೆ: ಮೂರು ವರ್ಷಕ್ಕೆ ಇಟ್ಟ 6 ಲಕ್ಷ, ಬಡ್ಡಿ ಶೇಕಡಾ 7. ಅದು ಕೈಗೆ ಬರುವುದು ಫೆಬ್ರವರಿ 23ಕ್ಕೆ. ಮದುವೆಯಾಗಿ ಹನ್ನೊಂದು ದಿನಕ್ಕೆ! ಅಪ್ಪನನ್ನು ಕೇಳಿದರೆ "ದುಡ್ಡು ಇದೆಯಲ್ಲಮ್ಮ" ಎನ್ನುತ್ತಾರೆ. ಇದೆ, ಆದರೆ ಆ ದಿನ ಇಲ್ಲ. ಅನುಭವಸ್ಥರು ಏನು ಮಾಡಿದಿರಿ?

ಗಾಂಧಿಬಜಾರ್_ಗಿರಿ · ಸೆಪ್ಟೆಂಬರ್ 4

ಇದಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳುವುದೇಕೆ? ಜನವರಿ ಕೊನೆಗೆ ಠೇವಣಿ ಮುರಿಸಿ. ಇನ್ನು ಇಪ್ಪತ್ತೈದು ದಿನ ಉಳಿದಿರುತ್ತದೆ, ಆ ಇಪ್ಪತ್ತೈದು ದಿನದ ಬಡ್ಡಿ ಹೋಗುತ್ತದೆ, ಅಷ್ಟೇ.

ಧಾರವಾಡದ_ಅವ್ವ · ಸೆಪ್ಟೆಂಬರ್ 4

ನಿಮ್ಮ ಪಟ್ಟಿಯಲ್ಲಿ ಸುರಗಿಗೆ ಐದು ತಂಬಿಗೆ, ಹಸಿ ನೂಲು, ರುಕ್ಕೋತಕ್ಕೆ ಬುಟ್ಟಿ, ಇವೆಲ್ಲ ಇವೆಯೋ ಇಲ್ಲವೋ? ನಮ್ಮ ಮಗಳ ಮದುವೆಯಲ್ಲಿ ಎಲ್ಲ ತಂದು ಹಸಿ ನೂಲನ್ನೇ ಮರೆತಿದ್ದೆವು. ಬೆಳಗಿನ ಐದು ಗಂಟೆಗೆ ಅಂಗಡಿ ತೆಗೆಸಿದ ಕಥೆ ಇಂದಿಗೂ ಬೀಗರ ಬಾಯಲ್ಲಿದೆ.

ಹೇಮಾವತಿ_ದಡ · ಸೆಪ್ಟೆಂಬರ್ 4

ಅವ್ವಾ, ನಮ್ಮ ಕಡೆ ಸುರಗಿ ಇಲ್ಲ, ರುಕ್ಕೋತವೂ ಇಲ್ಲ. ಸಾಮಾನಿನ ಪಟ್ಟಿಯನ್ನು ಅಮ್ಮ ನೋಡಿಕೊಳ್ಳುತ್ತಿದ್ದಾರೆ. ನನ್ನ ಪ್ರಶ್ನೆ ಹಣದ ತಾರೀಖಿನದು.

ಧಾರವಾಡದ_ಅವ್ವ · ಸೆಪ್ಟೆಂಬರ್ 4

ಇರಲಿ ತಂಗಿ, ಹಸಿ ನೂಲು ಒಂದು ಉಂಡೆ ಇಟ್ಟುಕೊಂಡಿರು. ಕಂಕಣ ಕಟ್ಟುವುದಕ್ಕಾದರೂ ಬೇಕಾಗುತ್ತದೆ.

ಹಳೇ_ಲೆಡ್ಜರ್ · ಸೆಪ್ಟೆಂಬರ್ 5

ಗಿರಿಯವರ ಮಾತನ್ನು ನಂಬಿ ಠೇವಣಿ ಮುರಿಸಬೇಡಿ. ಮೂವತ್ತೊಂದು ವರ್ಷ ಬ್ಯಾಂಕಿನ ಕೌಂಟರಿನ ಆ ಕಡೆ ಕುಳಿತವನು ನಾನು, ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿದ್ದೇನೆ. ಈ ತಪ್ಪನ್ನು ಮಾಡಿ ಹೋದವರನ್ನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ.

ಅವಧಿಗೆ ಮುನ್ನ ಮುರಿಸಿದರೆ ಹೋಗುವುದು ಉಳಿದ ದಿನಗಳ ಬಡ್ಡಿ ಮಾತ್ರವಲ್ಲ. ಠೇವಣಿ ಎಷ್ಟು ದಿನ ಇತ್ತೋ ಅಷ್ಟು ಅವಧಿಗೆ ಇಟ್ಟ ದಿನ ಯಾವ ದರವಿತ್ತು ಎಂದು ಬ್ಯಾಂಕು ನೋಡುತ್ತದೆ. ಅದರಲ್ಲಿ ದಂಡವೆಂದು ಅರ್ಧವೋ ಒಂದೋ ಶೇಕಡಾ ಕಳೆಯುತ್ತದೆ. ಆ ಇಳಿದ ದರವನ್ನು ಮೊದಲ ದಿನದಿಂದ ಅನ್ವಯಿಸುತ್ತದೆ. ಅಂದರೆ ನಿಮ್ಮ ತಂದೆಯವರಿಗೆ ಮೂರೂ ವರ್ಷಕ್ಕೆ 7ರ ಬದಲು 6 ಸಿಗುತ್ತದೆ ಎಂದುಕೊಳ್ಳಿ. ಮೂರು ತಿಂಗಳಿಗೊಮ್ಮೆ ಚಕ್ರಬಡ್ಡಿ ಹಾಕಿದರೆ 6 ಲಕ್ಷಕ್ಕೆ ಆ ವ್ಯತ್ಯಾಸ ಸುಮಾರು 21,000 ರೂಪಾಯಿ. ವಾಲಗದವರ ದುಡ್ಡು ಹೆಚ್ಚುಕಡಿಮೆ ಅಲ್ಲೇ ಹೋಯಿತು.

ಮಾಡಬೇಕಾದದ್ದು ಠೇವಣಿಯ ಮೇಲೆ ಓವರ್‌ಡ್ರಾಫ್ಟ್ ತೆಗೆಸುವುದು. ಸಾಮಾನ್ಯವಾಗಿ ಠೇವಣಿಯ ಶೇಕಡಾ 90ರವರೆಗೆ ಕೊಡುತ್ತಾರೆ, ಠೇವಣಿಯ ದರಕ್ಕಿಂತ ಒಂದು ಶೇಕಡಾ ಹೆಚ್ಚು ಬಡ್ಡಿ. ನಿಮಗೆ ಕೊರತೆ ಇರುವುದು 4,26,000. ಕೈಯಲ್ಲಿ ಸ್ವಲ್ಪ ಇರಲೆಂದು ನಾಲ್ಕೂವರೆ ಲಕ್ಷ ತೆಗೆದಿರಿ ಎನ್ನೋಣ. ಶೇಕಡಾ 8ರಂತೆ ಫೆಬ್ರವರಿ 1ರಿಂದ 23ರವರೆಗೆ, 22 ದಿನಕ್ಕೆ, ಬಡ್ಡಿ ಸುಮಾರು 2,200 ರೂಪಾಯಿ. ಅದೂ ಪೂರ್ತಿ ಹಣವನ್ನು ಮೊದಲ ದಿನವೇ ತೆಗೆದರೆ. ಓವರ್‌ಡ್ರಾಫ್ಟಿನಲ್ಲಿ ಎಷ್ಟು ತೆಗೆಯುತ್ತೀರೋ ಅಷ್ಟಕ್ಕೆ, ಎಷ್ಟು ದಿನವೋ ಅಷ್ಟು ದಿನಕ್ಕೆ ಮಾತ್ರ ಬಡ್ಡಿ. 23ರಂದು ಠೇವಣಿ ಮುಗಿದಾಗ ಸಾಲ ಕಳೆದು ಉಳಿದದ್ದು ಖಾತೆಗೆ ಬರುತ್ತದೆ.

ಎರಡು ಎಚ್ಚರಿಕೆ. ಠೇವಣಿಯಲ್ಲಿ ತಾಯಿಯವರ ಹೆಸರೂ ಇದ್ದರೆ ಇಬ್ಬರ ಸಹಿಯೂ ಬೇಕು, ಇಬ್ಬರನ್ನೂ ಕರೆದುಕೊಂಡು ಹೋಗಿ. ಮತ್ತು ಇದನ್ನು ಫೆಬ್ರವರಿ ಮೊದಲ ವಾರಕ್ಕೆ ಇಟ್ಟುಕೊಳ್ಳಬೇಡಿ. ಡಿಸೆಂಬರಿನಲ್ಲೇ ಮಿತಿ ಮಂಜೂರು ಮಾಡಿಸಿಡಿ. ತೆಗೆಯದಿದ್ದರೆ ಬಡ್ಡಿ ಇಲ್ಲ.

ಗಾಂಧಿಬಜಾರ್_ಗಿರಿ · ಸೆಪ್ಟೆಂಬರ್ 5

ನನ್ನ ಬ್ಯಾಂಕಿನಲ್ಲಿ ದಂಡ ಹಿಡಿದಿರಲಿಲ್ಲ ಸ್ವಾಮಿ. ಎಲ್ಲ ಕಡೆ ಒಂದೇ ನಿಯಮವಿಲ್ಲ.

ಹಳೇ_ಲೆಡ್ಜರ್ · ಸೆಪ್ಟೆಂಬರ್ 5

ಒಪ್ಪಿದೆ, ಕೆಲವು ಯೋಜನೆಗಳಲ್ಲಿ ಹಿಡಿಯುವುದಿಲ್ಲ. ಹಾಗಿದ್ದರೂ ಮೂರು ವರ್ಷದ ದರದ ಬದಲು ಓಡಿದ ಅವಧಿಯ ದರ ಬರುತ್ತದೆ. ಠೇವಣಿ ರಸೀದಿಯ ಹಿಂಬದಿಯನ್ನು ಒಮ್ಮೆ ಓದಿಕೊಳ್ಳಿ. ಯಾರೂ ಓದುವುದಿಲ್ಲ.

ಮಂಡ್ಯದ_ಮಾವ · ಸೆಪ್ಟೆಂಬರ್ 5

ಲೆಕ್ಕವೆಲ್ಲ ಚೆನ್ನಾಗಿದೆ. ಬೀಗರ ಊಟ ಎಲ್ಲಿ? ಹಾಸನ ಎನ್ನುತ್ತೀರಿ, 64 ಸಾಲು ಎನ್ನುತ್ತೀರಿ, ನೀವು ಬರೆದ ಲೆಕ್ಕದಲ್ಲಿ ಕುರಿಯ ಸುಳಿವೇ ಇಲ್ಲ.

ಹೇಮಾವತಿ_ದಡ · ಸೆಪ್ಟೆಂಬರ್ 5

ಲೆಡ್ಜರ್ ಸರ್, ಇದನ್ನು ಅಪ್ಪನಿಗೆ ಓದಿ ಹೇಳಿದೆ. "ಸಾಲ" ಎಂಬ ಪದ ಕೇಳಿದ ಕೂಡಲೇ ಮುಖ ಗಂಟಿಕ್ಕಿದರು. ನಲವತ್ತು ವರ್ಷದಲ್ಲಿ ಒಂದು ರೂಪಾಯಿ ಸಾಲ ಮಾಡಿದವರಲ್ಲ. ನಿಮ್ಮದೇ ದುಡ್ಡು ಅಪ್ಪ, ನಿಮ್ಮ ದುಡ್ಡಿಗೆ ನೀವೇ ಇಪ್ಪತ್ತೆರಡು ದಿನ ಬಾಡಿಗೆ ಕೊಡುತ್ತೀರಿ ಎಂದೆ. ಯೋಚಿಸುತ್ತೇನೆ ಎಂದಿದ್ದಾರೆ.

ಮಾವ, ಬೀಗರ ಊಟ 65ನೆಯ ಸಾಲಾಗಿ ಈಗ ಸೇರಿತು. ಗಂಡಿನ ಮನೆಯಲ್ಲೇ ಎಂದುಕೊಂಡು ಸುಮ್ಮನಿದ್ದೆವು. ಕೇಳಿದರೆ ಅವರ ಕಡೆಯದು ಒಂದು, ನಮ್ಮ ಕಡೆಯದು ಒಂದಂತೆ. ನಮ್ಮದು ಫೆಬ್ರವರಿ 16.

ಮಂಡ್ಯದ_ಮಾವ · ಸೆಪ್ಟೆಂಬರ್ 5

ನೋಡಿ! ಅದೂ 23ಕ್ಕೆ ಮುಂಚೆ. ಮಟನ್ ಅಂಗಡಿಯವನು ಓವರ್‌ಡ್ರಾಫ್ಟ್ ಕೇಳುವುದಿಲ್ಲ, ನಗದು ಕೇಳುತ್ತಾನೆ.

ಎಲೆ_ಎಣಿಸಿದವನು · ಸೆಪ್ಟೆಂಬರ್ 6

ಬಾಕಿಯ ತಾರೀಖಿನ ಚಿಂತೆ ಸರಿ, ಬಾಕಿಯ ಮೊತ್ತವೇ ಬೆಳೆಯುತ್ತದೆ ಎಂಬುದನ್ನೂ ಬರೆದುಕೊಳ್ಳಿ. ಅಣ್ಣನ ಮದುವೆಯಲ್ಲಿ ಮಧ್ಯಾಹ್ನಕ್ಕೆ 700 ಎಲೆ ಎಂದು ಮಾತಾಗಿತ್ತು. ಊಟವಾದ ಮೇಲೆ ಅಡುಗೆಯವರು 842 ಎಂದು ಚೀಟಿ ಕೊಟ್ಟರು. ಊಟದ ಹಾಲಿನಲ್ಲಿ ಒಂದು ಪಂಕ್ತಿಗೆ 180 ಜನ. ಮೂರು ಪಂಕ್ತಿ ತುಂಬಿ ಕುಳಿತರು, ನಾಲ್ಕನೆಯದು ಅರ್ಧವೂ ಇರಲಿಲ್ಲ. ಎಷ್ಟು ಎಳೆದರೂ 630. ಅಪ್ಪ ಬೀಗರ ಎದುರು ಜಗಳ ಬೇಡವೆಂದು 842ಕ್ಕೇ ಕೊಟ್ಟು ಕೈ ಮುಗಿದರು. ನನ್ನ ಹೆಸರು ಅಂದಿನಿಂದ ಬಂದದ್ದು.

ಒಗ್ಗರಣೆ_ಲೆಕ್ಕಿಗ · ಸೆಪ್ಟೆಂಬರ್ 6

ನಾನು ಅಡುಗೆ ಗುತ್ತಿಗೆದಾರರೊಬ್ಬರ ಬಳಿ ಲೆಕ್ಕ ಬರೆಯುತ್ತೇನೆ. ನಮ್ಮ ಕಡೆಯ ಮಾತನ್ನೂ ಕೇಳಿ. 842 ಎಂದವರು ಸುಳ್ಳು ಹೇಳಿರಬಹುದು, ಆದರೆ 630 ಎಂಬುದೂ ಸರಿಯಿರಲಾರದು. ಪಂಕ್ತಿ ಒಟ್ಟಿಗೆ ಕೂರುತ್ತದೆ, ಒಟ್ಟಿಗೆ ಏಳುವುದಿಲ್ಲ. ಬಸ್ಸಿಗೆ ಹೊತ್ತಾಯಿತೆಂದು ಇಪ್ಪತ್ತು ಜನ ಪಾಯಸಕ್ಕೇ ಎದ್ದರೆ ಆ ಜಾಗದಲ್ಲಿ ಬೇರೆ ಇಪ್ಪತ್ತು ಜನ ಕುಳಿತು ಹೊಸ ಎಲೆ ಹಾಕಿಸಿಕೊಳ್ಳುತ್ತಾರೆ. ಕೊನೆಗೆ ವಾಲಗದವರು, ಫೋಟೊದವರು, ಬಸ್ಸಿನವರು, ಛತ್ರದ ಕೆಲಸದವರು. ನೀವು ಬಿಡದಿಯ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಉಡುಗೊರೆ ಕಟ್ಟುತ್ತಿರುವಾಗ ಇಲ್ಲಿ ಐವತ್ತು ಎಲೆ ಹೋಗಿರುತ್ತದೆ.

ಹೀಗೆ ಮಾಡಿ. ಬಾಳೆಲೆ ಕಟ್ಟುಗಳಾಗಿ ಬರುತ್ತದೆ. ಬಡಿಸಲು ಶುರು ಮಾಡುವ ಮುಂಚೆ ನಿಮ್ಮ ಕಡೆಯ ಒಬ್ಬರು, ನಮ್ಮ ಕಡೆಯ ಒಬ್ಬರು ಕಟ್ಟುಗಳನ್ನು ಎಣಿಸಿ ಒಂದು ಚೀಟಿಯಲ್ಲಿ ಬರೆದು ಇಬ್ಬರೂ ಸಹಿ ಹಾಕಲಿ. ಊಟ ಮುಗಿದ ಮೇಲೆ ಉಳಿದದ್ದನ್ನು ಎಣಿಸಿ. ಹರಿದದ್ದು, ಸಣ್ಣದಾಯಿತೆಂದು ತೆಗೆದದ್ದು ಕಳೆಯಿರಿ. ಜಗಳ ಹತ್ತು ಎಲೆಯೊಳಗೆ ನಿಲ್ಲುತ್ತದೆ. ಆರತಕ್ಷತೆಗೆ ಬಫೆ ಇಟ್ಟಿದ್ದರೆ ತಟ್ಟೆಯನ್ನೂ ಹೀಗೆಯೇ ಎಣಿಸಿ, ಆದರೆ ಅಲ್ಲಿ ಒಬ್ಬರೇ ಎರಡು ತಟ್ಟೆ ತೆಗೆದುಕೊಳ್ಳುತ್ತಾರೆ ಎಂಬುದು ನೆನಪಿರಲಿ. ಆ ನಿಯಮವನ್ನು ಮುಂಚೆಯೇ ಮಾತಾಡಿಕೊಳ್ಳಿ.

ಇನ್ನೊಂದು, ನೀವು ಹೇಳುವ ಸಂಖ್ಯೆಗಿಂತ ಕಡಿಮೆ ಜನ ಬಂದರೂ ನಾವು ಅಷ್ಟಕ್ಕೇ ಹಣ ತೆಗೆದುಕೊಳ್ಳುತ್ತೇವೆ. ಹಾಗಾಗಿ ಕನಿಷ್ಠದ ಮಾತು ಕಡಿಮೆ ಇರಲಿ. 700 ನಿರೀಕ್ಷೆಯಿದ್ದರೆ 600ಕ್ಕೆ ಖಾತರಿ ಕೊಟ್ಟು, ಮೇಲೆ ನೂರು ಎಲೆಯವರೆಗೆ ಅದೇ ದರ ಎಂದು ಬರೆಸಿಕೊಳ್ಳಿ. ಕೊನೆಯ ಸಂಖ್ಯೆಗೆ ನಮ್ಮಲ್ಲಿ ಐದು ದಿನ ಮುಂಚಿನ ಗಡುವು. ಆಮೇಲೆ ತರಕಾರಿ, ಹಾಲು, ಮೊಸರಿನ ಆರ್ಡರ್ ಹೋಗಿಬಿಟ್ಟಿರುತ್ತದೆ.

ಹೇಮಾವತಿ_ದಡ · ಸೆಪ್ಟೆಂಬರ್ 6

ಇದು ಬಹಳ ಉಪಯೋಗವಾಯಿತು ಅಣ್ಣ. ನಮ್ಮದು ರಾತ್ರಿ 500, ದರ 280. ಬೆಳಗಿನ ತಿಂಡಿ 250, ದರ 120. ಮಧ್ಯಾಹ್ನ 700, ದರ 350. ಒಟ್ಟು 4,15,000. ಮುಂಗಡ 40,000 ಹೋಗಿದೆ. ಖಾತರಿ ಎಂಬ ಮಾತೇ ಆಗಿಲ್ಲ. ಚೀಟಿಯಲ್ಲಿ ಬರೀ ಸಂಖ್ಯೆ ಇದೆ.

ಒಗ್ಗರಣೆ_ಲೆಕ್ಕಿಗ · ಸೆಪ್ಟೆಂಬರ್ 6

ಹಾಗಾದರೆ ಆ ಸಂಖ್ಯೆಯೇ ಖಾತರಿ ಎಂದು ಅವರು ಅಂದುಕೊಂಡಿರುತ್ತಾರೆ. ಎರಡನೆಯ ಕಂತು ಕೊಡುವ ಮುಂಚೆ ಮಾತಾಡಿ. ಕೊಟ್ಟ ಮೇಲೆ ಮಾತಿಗೆ ತೂಕವಿರುವುದಿಲ್ಲ.

ಕೊಡಚಾದ್ರಿ_ಮಂಜು · ಸೆಪ್ಟೆಂಬರ್ 7

ಛತ್ರದ ಬಾಡಿಗೆಯಲ್ಲಿ ಕರೆಂಟು ಸೇರಿದೆಯೇ? ನಮಗೆ ಮೀಟರ್ ಲೆಕ್ಕ ಬೇರೆ, ಜನರೇಟರಿನ ಡೀಸೆಲ್ ಬೇರೆ, ಕಸ ತೆಗೆಯುವುದು ಬೇರೆ, ಪಾತ್ರೆ ಕಳೆದರೆ ಎಂದು ಇಟ್ಟುಕೊಂಡ ಠೇವಣಿ ಬೇರೆ. ಕೀಲಿ ತೆಗೆದುಕೊಳ್ಳುವಾಗ ಮೀಟರಿನ ಫೋಟೊ ತೆಗೆದಿರಲಿಲ್ಲ, ಅವರು ಹೇಳಿದ್ದೇ ಅಂಕಿಯಾಯಿತು.

ಹೇಮಾವತಿ_ದಡ · ಸೆಪ್ಟೆಂಬರ್ 7

ರಸೀದಿಯ ಕೆಳಗೆ ಸಣ್ಣ ಅಕ್ಷರದಲ್ಲಿ "ವಿದ್ಯುತ್ ಪ್ರತ್ಯೇಕ" ಎಂದಿದೆ. ನಿಮ್ಮಿಂದ ಈಗ ಓದಿದೆ.

ಮಲ್ಲಿಗೆ_ಮೊಗ್ಗು · ಸೆಪ್ಟೆಂಬರ್ 7

ಅಕ್ಕ, ನಾನು ಟೈಲರಿಂಗ್ ಮಾಡುತ್ತೇನೆ. ದುಡ್ಡಿನದ್ದು ಆಯಿತು, ಸೀರೆಯ ತಾರೀಖು ನೋಡಿದ್ದೀರಾ? ಧಾರೆ ಸೀರೆ ಯಾರು ತರುವುದು?

ಹೇಮಾವತಿ_ದಡ · ಸೆಪ್ಟೆಂಬರ್ 7

ಗಂಡಿನ ಕಡೆಯವರು. ಸಂಕ್ರಾಂತಿ ಕಳೆದ ಮೇಲೆ ಒಳ್ಳೆಯ ದಿನ ನೋಡಿ ತಂದು ಕೊಡುತ್ತೇವೆ ಎಂದಿದ್ದಾರೆ.

ಮಲ್ಲಿಗೆ_ಮೊಗ್ಗು · ಸೆಪ್ಟೆಂಬರ್ 7

ಹೋಯಿತು. ಧನುರ್ಮಾಸ ಡಿಸೆಂಬರ್ 16ರ ಸುಮಾರಿಗೆ ಶುರು, ಸಂಕ್ರಾಂತಿಗೆ ಮುಗಿಯುತ್ತದೆ. ಆ ತಿಂಗಳಲ್ಲಿ ಯಾರೂ ಸೀರೆ ಕೊಡುವುದಿಲ್ಲ. ಸಂಕ್ರಾಂತಿಯಾದ ಕೂಡಲೇ ಊರಿನ ಮದುಮಗಳೆಲ್ಲ ಒಂದೇ ದಿನ ನಮ್ಮ ಅಂಗಡಿ ಮುಂದೆ ನಿಂತಿರುತ್ತಾರೆ. ಬರೀ ಹೊಲಿಗೆಯಾದರೆ ಹೇಗೋ ಮಾಡಿಕೊಡುತ್ತೇವೆ. ತೋಳಿಗೆ, ಬೆನ್ನಿಗೆ ಆರಿ ಕಸೂತಿ ಬೇಕೆಂದರೆ ಆ ಬಟ್ಟೆ ನಮ್ಮ ಕೈಯಿಂದ ಕಸೂತಿಯವನ ಬಳಿ ಹೋಗಿ, ಚೌಕಟ್ಟಿಗೆ ಬಿಗಿದು, ಕೆಲಸವಾಗಿ ವಾಪಸು ಬರಬೇಕು. ಆಮೇಲೆ ಹೊಲಿಗೆ. ಆಮೇಲೆ ಹಾಕಿ ನೋಡುವುದು. ಮದುವೆ ಗೊತ್ತಾದ ಮೇಲೆ ಹುಡುಗಿಯರು ಸಣ್ಣಗಾಗುತ್ತಾರೆ, ಒಮ್ಮೆ ಬಿಗಿ ಮಾಡಲೇಬೇಕು. ನಾನು ಆರು ವಾರ ಕೇಳುತ್ತೇನೆ. ನಿಮಗೆ ಇರುವುದು ನಾಲ್ಕೇ ವಾರ.

ಸೀರೆಯನ್ನು ಧನುರ್ಮಾಸಕ್ಕೆ ಮುಂಚೆ ಕೊಡಲು ಕೇಳಿ. ಅದು ಆಗದಿದ್ದರೆ ರವಿಕೆಯ ತುಂಡನ್ನು ಮಾತ್ರವಾದರೂ ಮುಂಚೆ ತರಿಸಿಕೊಳ್ಳಿ. ಸೀರೆ ಆಮೇಲೆ ಶಾಸ್ತ್ರಕ್ಕೆ ಬರಲಿ.

ಹೇಮಾವತಿ_ದಡ · ಸೆಪ್ಟೆಂಬರ್ 8

ನನ್ನ ಪಟ್ಟಿಯಲ್ಲಿ "ರವಿಕೆ ಹೊಲಿಸುವುದು: ಜನವರಿ" ಎಂದು ಒಂದು ಸಾಲಿತ್ತು. ಅದು ಬೇರೆಯವರ ಕೈಯಲ್ಲಿರುವ ಸೀರೆಗೆ ಕಟ್ಟಿಕೊಂಡಿದೆ ಎಂದು ಹೊಳೆದೇ ಇರಲಿಲ್ಲ. ಈಗ ಪಟ್ಟಿಯಲ್ಲಿ ಇನ್ನೊಂದು ಕಾಲಂ ಹಾಕಿದ್ದೇನೆ: "ಇದು ಆಗಬೇಕಾದರೆ ಮುಂಚೆ ಯಾರು ಏನು ಕೊಡಬೇಕು". ತುಂಬಿಸುತ್ತಾ ಹೋದರೆ ಲಗ್ನಪತ್ರಿಕೆಯದೂ ಅದೇ ಪಾಡು. ಗಂಡಿನ ಕಡೆಯ ಅಜ್ಜ ಅಜ್ಜಿಯ ಹೆಸರು, ಆಹ್ವಾನಿಸುವವರ ಹೆಸರಿನ ಸಾಲು ಇನ್ನೂ ಬಂದಿಲ್ಲ. ಅದರ ಮೇಲೆ ಧನುರ್ಮಾಸ. ಮುಂಚೆ ಅಚ್ಚು ಹಾಕಿಸಬೇಕೆಂದರೆ ನವೆಂಬರಿಗೇ ಎಲ್ಲ ಹೆಸರು ಸಿಗಬೇಕು.

ಶ್ರೀರಂಗಪಟ್ಟಣ_ಶಾಸ್ತ್ರಿ · ಸೆಪ್ಟೆಂಬರ್ 8

ಧನುರ್ಮಾಸದಲ್ಲಿ ಶುಭಕಾರ್ಯ ಬೇಡ ಎಂಬುದು ಸರಿ. ಅಚ್ಚು ಹಾಕಿಸುವುದು ಶುಭಕಾರ್ಯವಲ್ಲ, ಅಂಗಡಿಯ ಕೆಲಸ. ಡಿಸೆಂಬರ್ ಕೊನೆಯಲ್ಲಿ ಅಚ್ಚಾಗಿ ಕಟ್ಟಿನಲ್ಲೇ ಇರಲಿ. ಸಂಕ್ರಾಂತಿ ಕಳೆದು ಮೊದಲ ಪತ್ರಿಕೆಗೆ ಅರಿಶಿನ ಹಚ್ಚಿ ದೇವರ ಮುಂದಿಟ್ಟು ಹಂಚಲು ಶುರು ಮಾಡಿ.

ಧಾರವಾಡದ_ಅವ್ವ · ಸೆಪ್ಟೆಂಬರ್ 8

ನಮ್ಮಲ್ಲಿ ಪತ್ರಿಕೆ ಮನೆಯೊಳಗೆ ಬರುವುದನ್ನೂ ಒಪ್ಪುವುದಿಲ್ಲ. ಬಂದರೆ ಬಂದ ದಿನವೇ ದೇವರಿಗೆ ಇಡಬೇಕು.

ಗಾಂಧಿಬಜಾರ್_ಗಿರಿ · ಸೆಪ್ಟೆಂಬರ್ 8

ಈಗ ಯಾರು ಪತ್ರಿಕೆ ನೋಡಿಕೊಂಡು ಬರುತ್ತಾರೆ? ವಾಟ್ಸಾಪಿನಲ್ಲಿ ಚಿತ್ರ ಕಳಿಸಿ, ಮುಗಿಯಿತು.

ಮಂಡ್ಯದ_ಮಾವ · ಸೆಪ್ಟೆಂಬರ್ 8

ವಾಟ್ಸಾಪಿನಲ್ಲಿ ಕರೆದವರ ಮನೆಗೆ ನಾನು ಹೋಗುವುದಿಲ್ಲ. ಹೋದರೂ ಮುಯ್ಯಿಯನ್ನು ವಾಟ್ಸಾಪಿನಲ್ಲೇ ಕಳಿಸುತ್ತೇನೆ.

ಶ್ರೀರಂಗಪಟ್ಟಣ_ಶಾಸ್ತ್ರಿ · ಸೆಪ್ಟೆಂಬರ್ 8

ಅವ್ವನವರ ಪದ್ಧತಿ ಅವರ ಮನೆಗೆ ಸರಿ. ಅಚ್ಚಿನವರ ಬಳಿಯೇ ಇರಲಿ ಎಂದರೆ ಎರಡೂ ಕಡೆಗೆ ಮಾತು ಬರುವುದಿಲ್ಲ.

ಮೆಲ್ಬರ್ನ್_ಮೈಸೂರಿಗ · ಸೆಪ್ಟೆಂಬರ್ 9

ವರ ಹೊರದೇಶದಲ್ಲಿದ್ದರೆ ಇನ್ನೊಂದು ಗಡುವು ಇದೆ. ನಮ್ಮ ಮದುವೆಯಾದ ಮೇಲೆ ಮೂರು ವಾರದಲ್ಲಿ ನಾನು ಹಿಂತಿರುಗಬೇಕಿತ್ತು. ವಿವಾಹ ನೋಂದಣಿ ಪತ್ರವಿಲ್ಲದೆ ಹೆಂಡತಿಯ ವೀಸಾ ಅರ್ಜಿ ಹಾಕಲಾಗಲಿಲ್ಲ. ಲಗ್ನಪತ್ರಿಕೆಯಲ್ಲಿ ಅವಳ ಹೆಸರು ಮನೆಯಲ್ಲಿ ಕರೆಯುವಂತೆ ಇತ್ತು, ಪಾಸ್‌ಪೋರ್ಟಿನಲ್ಲಿ ಬೇರೆ. ಉಪನೋಂದಣಿ ಕಚೇರಿಯಲ್ಲಿ ಅದನ್ನು ವಿವರಿಸಲು ಎರಡು ದಿನ ಅಲೆದೆವು. ಪತ್ರಿಕೆಯಲ್ಲಿ ದಾಖಲೆಯಲ್ಲಿರುವ ಹೆಸರನ್ನೇ ಹಾಕಿಸಿ.

ಹೇಮಾವತಿ_ದಡ · ಸೆಪ್ಟೆಂಬರ್ 9

ವರ ತುಮಕೂರಿನವರು, ಕೆಲಸವೂ ಅಲ್ಲೇ. ಆದರೂ ಹೆಸರಿನ ಮಾತು ಒಳ್ಳೆಯದು. ತಂಗಿಯ ಹೆಸರೂ ಮನೆಯಲ್ಲಿ ಒಂದು, ದಾಖಲೆಯಲ್ಲಿ ಒಂದು.

ಎಲೆ_ಎಣಿಸಿದವನು · ಸೆಪ್ಟೆಂಬರ್ 10

ಮದುವೆಯ ದಿನದ ಪಾವತಿಗಳನ್ನು ಹೇಗೆ ಕೊಡುತ್ತೀರಿ? 1,75,000 + 60,000 + 25,000 + 36,000, ಅಂದರೆ 2,96,000. ಫೋನಿನಲ್ಲಿ ಕಳಿಸುತ್ತೇನೆ ಎಂದುಕೊಂಡಿದ್ದರೆ ಯುಪಿಐ ದಿನಕ್ಕೆ 1 ಲಕ್ಷಕ್ಕೆ ನಿಲ್ಲುತ್ತದೆ. ನಮ್ಮಣ್ಣ ತಾಳಿ ಕಟ್ಟಿ ಕುಳಿತಲ್ಲಿಂದಲೇ ಅಡುಗೆಯವರಿಗೆ ತನ್ನ ಫೋನಿನಿಂದ ಕಳಿಸಬೇಕಾಯಿತು. ಫೋಟೊದವರು ಅದನ್ನೂ ತೆಗೆದಿದ್ದಾರೆ.

ಗಾಂಧಿಬಜಾರ್_ಗಿರಿ · ಸೆಪ್ಟೆಂಬರ್ 10

ಈಗ ಮಿತಿ 5 ಲಕ್ಷ ಮಾಡಿದ್ದಾರೆ. ಪತ್ರಿಕೆಯಲ್ಲಿ ಬಂದಿತ್ತು.

ಹಳೇ_ಲೆಡ್ಜರ್ · ಸೆಪ್ಟೆಂಬರ್ 10

5 ಲಕ್ಷ ಇರುವುದು ಆಸ್ಪತ್ರೆ, ಶಿಕ್ಷಣ ಸಂಸ್ಥೆ ಮುಂತಾದ ಕೆಲವು ಬಗೆಯ ಪಾವತಿಗಳಿಗೆ ಗಿರಿಯವರೇ. ಅಡುಗೆಯವರ ಸ್ವಂತ ನಂಬರಿಗೆ ಕಳಿಸಿದರೆ ಆ ಸೌಲಭ್ಯವಿಲ್ಲ.

ನೆಟ್ ಬ್ಯಾಂಕಿಂಗಿನಲ್ಲಿ ನೆಫ್ಟ್ ಮಾಡಿ, ಈಗ ರಾತ್ರಿಯೂ ರಜಾದಿನವೂ ನಡೆಯುತ್ತದೆ. ಆದರೆ ಹೊಸದಾಗಿ ಖಾತೆ ಸೇರಿಸಿದರೆ ಮೊದಲ ಒಂದು ದಿನ ದೊಡ್ಡ ಮೊತ್ತ ಕಳಿಸಲು ಬಹಳಷ್ಟು ಬ್ಯಾಂಕುಗಳು ಬಿಡುವುದಿಲ್ಲ. ಎಲ್ಲರ ಖಾತೆಯನ್ನೂ ಜನವರಿಯಲ್ಲೇ ಸೇರಿಸಿ, ಒಬ್ಬೊಬ್ಬರಿಗೂ ಒಂದೊಂದು ರೂಪಾಯಿ ಕಳಿಸಿ "ಬಂತೇ" ಎಂದು ಕೇಳಿ. ವಾಲಗದವರಿಗೂ ಬಸ್ಸಿನವರಿಗೂ ನಗದು. ಬೇರೆ ಬೇರೆ ಲಕೋಟೆಯಲ್ಲಿ ಹೆಸರು ಬರೆದು ಒಬ್ಬರ ಕೈಯಲ್ಲಿ ಇರಲಿ. ತಂದೆಯವರ ಜೇಬಿನಲ್ಲಿ ಬೇಡ, ಅವರು ಅಂದು ಎಲ್ಲರಿಗೂ ಕೈ ಮುಗಿಯುತ್ತಿರುತ್ತಾರೆ.

ಕೊಡಚಾದ್ರಿ_ಮಂಜು · ಸೆಪ್ಟೆಂಬರ್ 10

ಮದುವೆಯಲ್ಲಿ 2 ಲಕ್ಷಕ್ಕಿಂತ ಹೆಚ್ಚು ನಗದು ಖರ್ಚು ಮಾಡುವಂತೆಯೇ ಇಲ್ಲ ಎನ್ನುತ್ತಾರಲ್ಲ?

ಹಳೇ_ಲೆಡ್ಜರ್ · ಸೆಪ್ಟೆಂಬರ್ 10

ಒಟ್ಟು ಖರ್ಚಿಗಲ್ಲ. ಒಂದೇ ಸಮಾರಂಭಕ್ಕಾಗಿ ಒಬ್ಬರೇ ಇನ್ನೊಬ್ಬರಿಂದ 2 ಲಕ್ಷ ಅಥವಾ ಹೆಚ್ಚು ನಗದು ತೆಗೆದುಕೊಳ್ಳುವಂತಿಲ್ಲ. ಕಂತು ಮಾಡಿ ಬೇರೆ ಬೇರೆ ದಿನ ಕೊಟ್ಟರೂ ಸೇರಿಸಿ ಎಣಿಸುತ್ತಾರೆ. ದಂಡ ಬೀಳುವುದು ಪಡೆದವರಿಗೆ. ಇಲ್ಲಿ ಆ ಅಂಕಿ ದಾಟುವವರು ಅಡುಗೆಯವರು ಮಾತ್ರ. ಅವರಿಗೆ ಖಾತೆಗೇ ಹಾಕಿ.

ಮಲ್ಲಿಗೆ_ಮೊಗ್ಗು · ಸೆಪ್ಟೆಂಬರ್ 11

ಫೋಟೊದವರಿಗೆ ಎಲ್ಲ ಕೊಟ್ಟುಬಿಡಬೇಡಿ ಅಕ್ಕ. ಆಲ್ಬಂ ಬರುವವರೆಗೆ ಸ್ವಲ್ಪ ಉಳಿಸಿಕೊಳ್ಳಿ.

ಹೇಮಾವತಿ_ದಡ · ಸೆಪ್ಟೆಂಬರ್ 11

1,20,000ದಲ್ಲಿ 30,000 ಆಲ್ಬಮ್ಮಿಗೆಂದು ಉಳಿಸಿದ್ದೇನೆ.

ಕೊಡಚಾದ್ರಿ_ಮಂಜು · ಸೆಪ್ಟೆಂಬರ್ 11

ನಾವೂ ಉಳಿಸಿಕೊಂಡಿದ್ದೆವು. ಮೂರು ಸಾವಿರ ಚಿತ್ರದಲ್ಲಿ ನೂರೈವತ್ತು ಆರಿಸಿ ಕೊಡಿ ಎಂದು ಅವರು ಪೆನ್‌ಡ್ರೈವ್ ಕೊಟ್ಟರು. ಅತ್ತೆ ಇರುವ ಚಿತ್ರದಲ್ಲಿ ಅಮ್ಮನ ಕಣ್ಣು ಮುಚ್ಚಿದೆ, ಅಮ್ಮ ಚೆನ್ನಾಗಿರುವುದರಲ್ಲಿ ಅತ್ತೆ ಇಲ್ಲ. ಮಗನ ನಾಮಕರಣ ಆಯಿತು, ಆಲ್ಬಂ ಇನ್ನೂ ಆಗಿಲ್ಲ. ಈಗ ಫೋಟೊದವರೇ ವರ್ಷಕ್ಕೊಮ್ಮೆ ಫೋನ್ ಮಾಡಿ ಬಾಕಿ ಕೇಳುತ್ತಾರೆ.

ಹೇಮಾವತಿ_ದಡ · ಸೆಪ್ಟೆಂಬರ್ 29

ಎಲ್ಲರಿಗೂ ಒಂದು ವರದಿ. ಪಿತೃಪಕ್ಷ ಮುಗಿಯುವವರೆಗೆ ಅಪ್ಪ ಯಾವ ಮಾತಿಗೂ ಕೂರಲಿಲ್ಲ. ಮುಗಿದ ಮೇಲೆ ನಾವಿಬ್ಬರೂ ಬ್ಯಾಂಕಿಗೆ ಹೋದೆವು. ಠೇವಣಿಯಲ್ಲಿ ಅಮ್ಮನ ಹೆಸರೂ ಇತ್ತು. ಲೆಡ್ಜರ್ ಸರ್ ಹೇಳಿದ್ದನ್ನು ಓದಿಯೂ ಅಮ್ಮನನ್ನು ಮನೆಯಲ್ಲಿ ಬಿಟ್ಟು ಹೋಗಿದ್ದೆ, ಮತ್ತೆ ವಾಪಸು ಬಂದು ಕರೆದುಕೊಂಡು ಹೋದೆ. ಬೀಗರ ಊಟವನ್ನೂ ಸೇರಿಸಿ 5 ಲಕ್ಷದ ಮಿತಿ ಸಿಕ್ಕಿತು. ಅಪ್ಪ ಇನ್ನೂ ಅದನ್ನು ಸಾಲ ಎನ್ನುವುದಿಲ್ಲ, "ಬ್ಯಾಂಕಿನ ವ್ಯವಸ್ಥೆ" ಎನ್ನುತ್ತಾರೆ.

ಅಡುಗೆಯವರ ಜೊತೆ ಮಾತಾಯಿತು. 600ಕ್ಕೆ ಒಪ್ಪಲಿಲ್ಲ, ಮಧ್ಯಾಹ್ನಕ್ಕೆ 640 ಖಾತರಿ, ಅದರ ಮೇಲೆ 80 ಎಲೆಯವರೆಗೆ ಅದೇ ದರ. ಎಲೆ ಎಣಿಸಲು ತಮ್ಮನನ್ನು ನೇಮಿಸಿದ್ದೇವೆ. ಅವನಿಗೆ ಈಗಲೇ ಸಿಟ್ಟು ಬಂದಿದೆ.

ಪತ್ರಿಕೆಯ ವಿಷಯ ತೀರ್ಮಾನವಾಗಿಲ್ಲ. ಅಮ್ಮ ಅವ್ವನ ಕಡೆ, ಅಪ್ಪ ಶಾಸ್ತ್ರಿಗಳ ಕಡೆ.

ಎಲೆ_ಎಣಿಸಿದವನು · ಸೆಪ್ಟೆಂಬರ್ 29

ತಮ್ಮನಿಗೆ ಮೊದಲ ಪಂಕ್ತಿಯಲ್ಲೇ ಊಟ ಹಾಕಿಸಿ ನಿಲ್ಲಿಸಿ. ಹಸಿದವನು ಎಣಿಸುವುದಿಲ್ಲ, ಹೋಳಿಗೆ ನೋಡುತ್ತಾನೆ.

ಹೇಮಾವತಿ_ದಡ · ಡಿಸೆಂಬರ್ 9

ಮಲ್ಲಿಗೆ ಅವರೇ, ಇದ್ದೀರಾ? ಧಾರೆ ಸೀರೆ ನಿನ್ನೆ ಬಂತು, ಧನುರ್ಮಾಸಕ್ಕೆ ಮುಂಚೆಯೇ. ಟೈಲರ್ ಬಳಿ ಒಯ್ದರೆ ರವಿಕೆಯ ತುಂಡು ಸೀರೆಯ ಜೊತೆಗೇ ನೇಯ್ದು ಬಂದಿದೆ, ಕತ್ತರಿಸಲೇ ಎಂದರು. ನಾನು ಹೂಂ ಎನ್ನುವಷ್ಟರಲ್ಲಿ ಅಮ್ಮ ಬೇಡವೆಂದು ಕೈ ಹಿಡಿದರು. ಧಾರೆಗೆ ಮುಂಚೆ ಆ ಸೀರೆಗೆ ಕತ್ತರಿ ತಾಗಬಾರದಂತೆ.

ಮಲ್ಲಿಗೆ_ಮೊಗ್ಗು · ಡಿಸೆಂಬರ್ 9

ಇದನ್ನು ತಿಂಗಳಿಗೆ ನಾಲ್ಕು ಸಲ ಕೇಳುತ್ತೇನೆ. ಬೀಗಿತ್ತಿಗೆ ಫೋನ್ ಮಾಡಿ, ಅವರ ಮನೆಯಲ್ಲಿ ಏನು ಪದ್ಧತಿ ಎಂದು ಅಮ್ಮನೇ ಕೇಳಲಿ. ಕತ್ತರಿಸಬಹುದು ಎಂದರೆ ಸೆರಗಿನ ತುದಿ ಯಾವುದು, ರವಿಕೆಯ ತುದಿ ಯಾವುದು ಎಂದು ಬಿಚ್ಚಿ ನೋಡಿದ ಮೇಲೆಯೇ ಕತ್ತರಿ ಹಾಕಿಸಿ. ಬೇಡ ಎಂದರೆ ಅದೇ ಬಣ್ಣದ ಬೇರೆ ರೇಷ್ಮೆ ತುಂಡು ತಂದು ಕೊಡಿ. ಇವತ್ತೇ.

ಹೇಮಾವತಿ_ದಡ · ಡಿಸೆಂಬರ್ 9

ಅಮ್ಮ ಫೋನಿನಲ್ಲಿದ್ದಾರೆ. ನಲವತ್ತು ನಿಮಿಷವಾಯಿತು, ಇನ್ನೂ ಸೀರೆಯ ವಿಷಯಕ್ಕೆ ಬಂದಿಲ್ಲ.